ಹಣಕ್ಕಿಂತ ಮುಂದೆ ಓಡಬೇಕಾದ ದೂರು

ಆನ್‌ಲೈನ್ ವಂಚನೆಗೆ ಒಳಗಾದ ಮನೆಯಲ್ಲಿ ಮೊದಲ ಎರಡು ಮೂರು ಗಂಟೆಗಳು ಹೇಗೆ ಕಳೆಯುತ್ತವೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹಣ ಕಳೆದುಕೊಂಡ ಹಿರಿಯರು ಮೊದಲು ಮೌನವಾಗುತ್ತಾರೆ. ಮಧ್ಯಾಹ್ನದ ಊಟವನ್ನು ಬಿಟ್ಟು ಕುಳಿತವರನ್ನು ಮನೆಯಾಕೆ ಕೇಳಿ ಕೇಳಿ ವಿಷಯ ಹೊರಡಿಸುತ್ತಾರೆ. ಕಚೇರಿಯಲ್ಲಿರುವ ಮಗನಿಗೆ ಕರೆ ಹೋಗುತ್ತದೆ, ಆತ ಸಭೆಯಲ್ಲಿರುತ್ತಾನೆ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಇರುವ, ಹಿಂದೆ ಬ್ಯಾಂಕಿನಲ್ಲಿದ್ದ ಭಾವನಿಗೆ ಕರೆ ಹೋಗುತ್ತದೆ. ಅವರು ಪರಿಚಯದ ಮ್ಯಾನೇಜರರನ್ನು ವಿಚಾರಿಸಿ ಹೇಳುವುದಾಗಿ ಅನ್ನುತ್ತಾರೆ. ಸಂಜೆಯ ಹೊತ್ತಿಗೆ ಒಂದು ತೀರ್ಮಾನವಾಗುತ್ತದೆ: ನಾಳೆ ಬೆಳಿಗ್ಗೆ ಶಾಖೆ ತೆರೆದ ಕೂಡಲೇ ಹೋಗಿ ಅರ್ಜಿ ಕೊಡುವುದು, ಅಲ್ಲಿಯವರೆಗೆ ಸಂಬಂಧಿಕರಲ್ಲಿ ಯಾರಿಗೂ ಹೇಳದಿರುವುದು.

ಈ ತೀರ್ಮಾನದಲ್ಲಿ ಮರ್ಯಾದೆಯ ಭಯವಿದೆ, ಹಿರಿಯರ ಮೇಲಿನ ಅನುಕಂಪವಿದೆ. ಆದರೆ ಹಣದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ತೀರ್ಮಾನ ಇನ್ನೊಂದಿಲ್ಲ. ಬೆಳಿಗ್ಗೆ ಶಾಖೆ ತೆರೆಯುವ ಹೊತ್ತಿಗೆ ಆ ಹಣ ನಾಲ್ಕು ರಾಜ್ಯಗಳ ಹತ್ತಾರು ಖಾತೆಗಳನ್ನು ದಾಟಿ, ನೋಟುಗಳಾಗಿ ಅಥವಾ ಕ್ರಿಪ್ಟೊ ನಾಣ್ಯಗಳಾಗಿ ಬದಲಾಗಿರುತ್ತದೆ.

ಸರ್ಕಾರವೇ ಸಂಸತ್ತಿಗೆ ನೀಡಿದ ಉತ್ತರದ ಪ್ರಕಾರ 2024ರ ಒಂದೇ ವರ್ಷದಲ್ಲಿ ಸೈಬರ್ ವಂಚನೆಯಿಂದ ದೇಶದ ಜನ ಕಳೆದುಕೊಂಡ ಮೊತ್ತ 22,800 ಕೋಟಿ ರೂಪಾಯಿಗೂ ಹೆಚ್ಚು. ತಡೆಹಿಡಿಯುವ ವ್ಯವಸ್ಥೆ ಆರಂಭವಾದ 2021ರಿಂದ 2025ರ ಮಧ್ಯಭಾಗದವರೆಗೆ, ಅಂದರೆ ಹತ್ತಿರ ಹತ್ತಿರ ನಾಲ್ಕು ವರ್ಷಗಳಲ್ಲಿ, ವಂಚಕರ ಕೈ ಸೇರದಂತೆ ಉಳಿಸಿದ್ದು ಸುಮಾರು 5,500 ಕೋಟಿ. ಈ ಎರಡು ಅಂಕಿಗಳ ನಡುವಿನ ಕಂದಕಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಮನೆಯೊಳಗಿದೆ, ಉಳಿದವು ಬ್ಯಾಂಕುಗಳ ಮತ್ತು ಆಳುವವರ ಅಂಗಳದಲ್ಲಿವೆ.

ತಡೆಹಿಡಿಯುವ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ತಿಳಿದರೆ ಗಂಟೆಗಳ ಬೆಲೆ ತಾನಾಗಿ ಅರ್ಥವಾಗುತ್ತದೆ. ಹಿಂದೆ ವಂಚನೆಯ ದೂರು ಬಂದರೆ ಪೊಲೀಸರು ಹಣ ಹೋದ ಬ್ಯಾಂಕಿಗೆ ಪತ್ರ ಬರೆಯಬೇಕಿತ್ತು. ಆ ಬ್ಯಾಂಕು ಕೆಲವು ದಿನಗಳ ನಂತರ, ಹಣ ಮತ್ತೊಂದು ಬ್ಯಾಂಕಿಗೆ ಹೋಗಿದೆ ಎಂದು ಉತ್ತರಿಸುತ್ತಿತ್ತು. ಆಗ ಆ ಮತ್ತೊಂದು ಬ್ಯಾಂಕಿಗೆ ಹೊಸ ಪತ್ರ. ಹಣ ನಿಮಿಷಗಳಲ್ಲಿ ಓಡುತ್ತಿದ್ದರೆ ಅದರ ಬೆನ್ನ ಹಿಂದೆ ಕಾಗದ ವಾರಗಟ್ಟಲೆ ತೆವಳುತ್ತಿತ್ತು. ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2021ರಲ್ಲಿ ಪೊಲೀಸರನ್ನೂ ಬ್ಯಾಂಕುಗಳನ್ನೂ ವ್ಯಾಲೆಟ್ ಕಂಪನಿಗಳನ್ನೂ ಒಂದೇ ಗಣಕ ಜಾಲದಲ್ಲಿ ಕೂಡಿಸಿತು. ಅದರ ಬಾಗಿಲೇ 1930 ಎಂಬ ಸಹಾಯವಾಣಿ. ಆರಂಭದಲ್ಲಿ ಇದರ ಸಂಖ್ಯೆ 155260 ಆಗಿತ್ತು. ಹಳೆಯ ಸಂಖ್ಯೆ ಬರೆದಿಟ್ಟುಕೊಂಡವರು ಬದಲಿಸಿಕೊಳ್ಳಬೇಕು. ಅಂತರ್ಜಾಲದಲ್ಲಿ ದೂರು ದಾಖಲಿಸುವ ತಾಣ cybercrime.gov.in.

ಲೆಕ್ಕ ಸುಲಭವಾಗಲೆಂದು ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳಬಹುದು. ಮೊತ್ತಗಳು ಕಲ್ಪಿತವಾದರೂ ಹಣ ಸಾಗುವ ಕ್ರಮ ನಿಜ ಪ್ರಕರಣಗಳದ್ದೇ. ಪುಣೆಯಲ್ಲಿ ಮಗನ ಮನೆಯಲ್ಲಿರುವ ನಿವೃತ್ತ ಶಿಕ್ಷಕರೊಬ್ಬರಿಗೆ ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬ ವಿಡಿಯೊ ಕರೆ ಮಾಡುತ್ತಾನೆ. ಅವರ ಆಧಾರ್ ಸಂಖ್ಯೆ ಬಳಸಿ ತೆರೆದ ಖಾತೆಯಲ್ಲಿ ಕಪ್ಪುಹಣ ಸಿಕ್ಕಿದೆ, ಅವರು ‘ಡಿಜಿಟಲ್ ಅರೆಸ್ಟ್’ನಲ್ಲಿದ್ದಾರೆ, ಹಣವನ್ನು ಪರಿಶೀಲನೆಗೆ ಕಳುಹಿಸಿದರೆ ಸಂಜೆಯೊಳಗೆ ಮರಳುತ್ತದೆ ಎನ್ನುತ್ತಾನೆ. ಭಾರತದ ಯಾವ ಕಾನೂನಿನಲ್ಲೂ ವಿಡಿಯೊ ಕರೆಯ ಮೂಲಕ ಬಂಧಿಸುವ ಅವಕಾಶವಿಲ್ಲ. ಆದರೆ ಹೆದರಿದವರಿಗೆ ಆ ಹೊತ್ತಿನಲ್ಲಿ ಕಾನೂನು ನೆನಪಾಗುವುದಿಲ್ಲ. ಅವರು ಠೇವಣಿ ಮುರಿದು ಬೆಳಿಗ್ಗೆ 11.40ಕ್ಕೆ 9,00,000 ರೂಪಾಯಿಯನ್ನು ಆರ್‌ಟಿಜಿಎಸ್ ಮೂಲಕ ಇನ್ನೊಂದು ಬ್ಯಾಂಕಿನ ಚಾಲ್ತಿ ಖಾತೆಗೆ ಕಳುಹಿಸುತ್ತಾರೆ.

ಆ ಖಾತೆ ವಂಚಕನದ್ದಲ್ಲ. ಯಾರೋ ಬಡವನಿಗೆ, ಕೆಲಸವಿಲ್ಲದ ಯುವಕನಿಗೆ, ಕೆಲವೊಮ್ಮೆ ಕಮಿಷನ್ನಿನ ಆಸೆಗೆ ಬಿದ್ದ ಸಣ್ಣ ಅಂಗಡಿಯವನಿಗೆ ಒಂದಿಷ್ಟು ಹಣ ಕೊಟ್ಟು ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡ ಬಾಡಿಗೆ ಖಾತೆ ಅದು. ಹಣ ಅಲ್ಲಿಗೆ ಬಂದು ಬೀಳುತ್ತಿದ್ದಂತೆ ನಾಲ್ಕು ಬೇರೆ ಬೇರೆ ಬ್ಯಾಂಕುಗಳ ಖಾತೆಗಳಿಗೆ ಹಂಚಿಹೋಗುತ್ತದೆ: ಎರಡಕ್ಕೆ 2,50,000ದಂತೆ, ಮೂರನೆಯದಕ್ಕೆ 2,00,000, ನಾಲ್ಕನೆಯದಕ್ಕೆ 1,60,000. ಮೊದಲ ಖಾತೆಯಲ್ಲಿ 40,000 ಉಳಿಯುತ್ತದೆ. ತನಿಖಾಧಿಕಾರಿಗಳ ಭಾಷೆಯಲ್ಲಿ ಇವು ‘ಲೇಯರ್’ಗಳು, ಒಂದರ ಮೇಲೊಂದು ಪದರಗಳು. ಹೆಚ್ಚು ಪದರಗಳಾದಷ್ಟೂ ಜಾಡು ಹಿಡಿಯುವುದಕ್ಕೆ ಹೆಚ್ಚು ಬ್ಯಾಂಕುಗಳ ಉತ್ತರ ಬೇಕು, ಹೆಚ್ಚು ಹೊತ್ತು ಬೇಕು.

ಈ ಮನೆಯಲ್ಲಿ ಸೊಸೆ ಜಾಣೆ. ಮಾವನವರು ಕೋಣೆಯ ಬಾಗಿಲು ಹಾಕಿಕೊಂಡು ಮಾತನಾಡುತ್ತಿರುವುದನ್ನು ಗಮನಿಸಿ, ವಿಷಯ ತಿಳಿದ ಕೂಡಲೇ 12.25ಕ್ಕೆ 1930ಕ್ಕೆ ಕರೆ ಮಾಡುತ್ತಾಳೆ. ಅತ್ತ ಕಡೆಯವರು ಕಥೆಯನ್ನು ಉದ್ದಕ್ಕೆ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಹಣ ಕಳೆದುಕೊಂಡವರ ಮೊಬೈಲ್ ಸಂಖ್ಯೆ, ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ದಿನಾಂಕ ಮತ್ತು ವೇಳೆ, ಎಲ್ಲಕ್ಕಿಂತ ಮುಖ್ಯವಾಗಿ ವಹಿವಾಟಿನ ಸಂಖ್ಯೆ. ಆರ್‌ಟಿಜಿಎಸ್‌ನಲ್ಲಿ ಇದು 22 ಅಕ್ಷರ–ಅಂಕಿಗಳ ಯುಟಿಆರ್. ಯುಪಿಐ ಪಾವತಿಯಲ್ಲಿ 12 ಅಂಕಿಗಳ ಸಂಖ್ಯೆ. ಬ್ಯಾಂಕಿನಿಂದ ಬಂದ ಎಸ್‌ಎಂಎಸ್‌ನಲ್ಲಿ ಅಥವಾ ಆ್ಯಪ್‌ನ ವಹಿವಾಟಿನ ವಿವರದಲ್ಲಿ ಅದು ಸಿಗುತ್ತದೆ. ಇದರಲ್ಲಿ ಒಂದು ಅಂಕಿ ತಪ್ಪಿದರೂ ದೂರು ದಾರಿ ತಪ್ಪುತ್ತದೆ. ಹಣವನ್ನು ಮೂರು ಕಂತಿನಲ್ಲಿ ಕಳುಹಿಸಿದ್ದರೆ ಮೂರೂ ಸಂಖ್ಯೆಗಳನ್ನು ಕೊಡಬೇಕು, ಏಕೆಂದರೆ ಪ್ರತಿ ಕಂತಿನ ಜಾಡು ಬೇರೆಯೇ. ದೊಡ್ಡ ಮೊತ್ತದ ಸಂಖ್ಯೆಯನ್ನು ಮಾತ್ರ ಹೇಳಿ ಉಳಿದವನ್ನು ಮರೆತವರು ಆ ಉಳಿದ ಹಣವನ್ನು ತಾವೇ ಬಿಟ್ಟುಕೊಟ್ಟಂತೆ.

ವಿವರ ದಾಖಲಾದ ಕ್ಷಣದಲ್ಲಿ ದೂರು ಹಣ ಕಳುಹಿಸಿದ ಬ್ಯಾಂಕಿಗೂ ಪಡೆದ ಬ್ಯಾಂಕಿಗೂ ಹೋಗುತ್ತದೆ. ಪಡೆದ ಬ್ಯಾಂಕು ನೋಡಿದಾಗ ಅಲ್ಲಿ 40,000 ಇದೆ. ಅದನ್ನು ತಡೆಹಿಡಿದು, ಉಳಿದ 8,60,000 ಯಾವ ಯಾವ ಬ್ಯಾಂಕಿಗೆ ಹೋಯಿತು ಎಂಬುದನ್ನು ಅದೇ ಜಾಲದಲ್ಲಿ ನಮೂದಿಸುತ್ತದೆ. ಕೂಡಲೇ ದೂರು ಆ ನಾಲ್ಕು ಬ್ಯಾಂಕುಗಳ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಮೊದಲನೆಯದರಲ್ಲಿ 2,50,000 ಹಾಗೆಯೇ ಇದೆ, ಪೂರ್ತಿ ತಡೆಯಾಯಿತು. ಎರಡನೆಯದರಲ್ಲಿ ಯಾರೋ ಚೆಕ್ ಕೊಟ್ಟು 2,00,000 ನಗದು ಪಡೆದಿದ್ದಾರೆ. ಉಳಿದ 50,000 ತಡೆಯಾಯಿತು. ಮೂರನೆಯದರ 2,00,000 ಮತ್ತೊಂದು ಪದರಕ್ಕೆ ಜಾರಿದೆ, ಆದರೆ ಆ ಖಾತೆಯಿಂದ ಇನ್ನೂ ಹೊರಬಿದ್ದಿಲ್ಲ, ಅಲ್ಲಿ ತಡೆಯಾಯಿತು. ನಾಲ್ಕನೆಯದರಲ್ಲಿ 1,00,000 ಎಟಿಎಂಗಳ ಮೂಲಕ ಹೋಗಿದೆ, 60,000 ರೂಪಾಯಿಗೆ ಒಂದು ಅಂಗಡಿಯಲ್ಲಿ ಯುಪಿಐ ಮೂಲಕ ಮೊಬೈಲ್ ಕೊಳ್ಳಲಾಗಿದೆ. ಅಂಗಡಿಯವರ ಖಾತೆಯಲ್ಲಿ ಆ 60,000 ತಡೆಯಾಯಿತು. ಒಟ್ಟು 9 ಲಕ್ಷದಲ್ಲಿ 6 ಲಕ್ಷ ನಿಂತಿದೆ, 3 ಲಕ್ಷ ನಗದಾಗಿ ಕೈದಾಟಿದೆ. ಇದೇ ದೂರು ಮರುದಿನ ಬೆಳಿಗ್ಗೆ ಹೋಗಿದ್ದರೆ ಮೊದಲ ಖಾತೆಯ 40,000ಕ್ಕಿಂತ ಹೆಚ್ಚಿಗೆ ಏನನ್ನಾದರೂ ಕಾಣುವುದು ಅದೃಷ್ಟದ ಮಾತು.

ಕರೆ ಮುಗಿದ ಮೇಲೆ ಮೊಬೈಲಿಗೆ ಸ್ವೀಕೃತಿ ಸಂಖ್ಯೆ ಬರುತ್ತದೆ. ಇಲ್ಲಿಗೆ ಕೆಲಸ ಮುಗಿಯಿತೆಂದು ಬಗೆದು ಅನೇಕರು ಸುಮ್ಮನಾಗುತ್ತಾರೆ. ಅದೇ ಸಂಖ್ಯೆಯನ್ನು ಬಳಸಿ 24 ಗಂಟೆಯೊಳಗೆ ತಾಣದಲ್ಲಿ ಪೂರ್ಣ ದೂರನ್ನು, ಸಂದೇಶಗಳ ಮತ್ತು ಖಾತೆ ವಿವರದ ಪ್ರತಿಗಳೊಂದಿಗೆ ಸಲ್ಲಿಸಬೇಕು. ಆದ್ದರಿಂದ ವಂಚಕನ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬಾರದು. ಜೊತೆಗೆ ತಮ್ಮ ಬ್ಯಾಂಕಿಗೂ ತಿಳಿಸಬೇಕು. ಆದರೆ ಆ ಬ್ಯಾಂಕಿನ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದಲೋ ಪಾಸ್‌ಬುಕ್ಕಿನಿಂದಲೋ ತೆಗೆದುಕೊಳ್ಳಬೇಕೇ ಹೊರತು ಅಂತರ್ಜಾಲದಲ್ಲಿ ಹುಡುಕಬಾರದು. ಗಾಬರಿಯಲ್ಲಿ ಹುಡುಕಿದವರಿಗೆ ಮೊದಲು ಸಿಗುವ ‘ಗ್ರಾಹಕ ಸೇವೆ’ಯ ಸಂಖ್ಯೆ ಮತ್ತೊಬ್ಬ ವಂಚಕನದ್ದಾಗಿರುವುದು ಅಪರೂಪವಲ್ಲ. ಕಳೆದ ಹಣವನ್ನು ಶುಲ್ಕ ಪಡೆದು ಮರಳಿಸಿಕೊಡುತ್ತೇವೆಂದು ತಾವಾಗಿಯೇ ಕರೆ ಮಾಡುವವರೂ ಅದೇ ಗುಂಪಿನವರು.

ಹೊರನಾಡಿನ ಕನ್ನಡ ಕುಟುಂಬಗಳಿಗೆ ಇಲ್ಲಿ ಎರಡು ಮಾತು ಸಲ್ಲುತ್ತವೆ. ಖಾತೆ ಊರಿನ ಶಾಖೆಯಲ್ಲಿದೆ ಎಂಬ ಕಾರಣಕ್ಕೆ ದೂರು ಕೊಡಲು ಊರಿಗೆ ಹೋಗಬೇಕಿಲ್ಲ. ಪುಣೆಯಿಂದಾಗಲಿ ಚೆನ್ನೈಯಿಂದಾಗಲಿ ಕರೆ ಮಾಡಿದರೆ ಸಾಕು, ಜಾಲ ದೇಶಕ್ಕೆಲ್ಲ ಒಂದೇ. ಎರಡನೆಯದು ಭಾಷೆಯ ತೊಡಕು. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಹಿರಿಯರು ಅತ್ತಣಿಂದ ಮರಾಠಿ, ತಮಿಳು ಅಥವಾ ಹಿಂದಿ ಕೇಳಿಬಂದಾಗ ತಡವರಿಸುತ್ತಾರೆ, ಅಂಕಿಗಳನ್ನು ತಪ್ಪಾಗಿ ಹೇಳುತ್ತಾರೆ. ಕರೆ ಮಾಡುವಾಗ ಆ ಭಾಷೆ ಬಲ್ಲ ಕಿರಿಯರೊಬ್ಬರು ಪಕ್ಕದಲ್ಲಿರಬೇಕು. ಹಾಗಿರಬೇಕಾದರೆ ಹಿರಿಯರು ಮೊದಲು ಆ ಕಿರಿಯರಿಗೆ ಹೇಳಬೇಕು. ‘ಇಷ್ಟು ಓದಿದವರು ಹೇಗೆ ಮೋಸಹೋದಿರಿ’ ಎಂಬ ಪ್ರಶ್ನೆ ಕಾದಿರುವ ಮನೆಯಲ್ಲಿ ಯಾವ ಹಿರಿಯರೂ 12.25ಕ್ಕೆ ಬಾಯಿ ಬಿಡುವುದಿಲ್ಲ.

ಇನ್ನು ಆಳುವವರ ಮತ್ತು ಬ್ಯಾಂಕುಗಳ ಮಾತು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಗ್ರಾಹಕರಿಗೆ ದೊಡ್ಡ ರಕ್ಷಣೆಯೆಂದು ಎಲ್ಲೆಡೆ ಉಲ್ಲೇಖವಾಗುತ್ತದೆ. ಗ್ರಾಹಕನ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿ, ಅದನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಆತನ ಹೊಣೆ ಸೊನ್ನೆ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು. ತಪ್ಪು ಗ್ರಾಹಕನದ್ದೆಂದು ಸಾಬೀತುಪಡಿಸುವ ಹೊಣೆಯೂ ಬ್ಯಾಂಕಿನದ್ದೇ. ಕಾರ್ಡನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳಿಗೆ ಇದು ನ್ಯಾಯವಾದ ನಿಯಮ.

ಆದರೆ ಈ ನಿಯಮದ ಹೃದಯದಲ್ಲಿರುವ ಮಾತು ‘ಗ್ರಾಹಕನ ಅನುಮತಿಯಿಲ್ಲದ ವಹಿವಾಟು’. ಮೇಲಿನ ಶಿಕ್ಷಕರು ತಮ್ಮ ಕೈಯಾರೆ, ತಮ್ಮ ಪಾಸ್‌ವರ್ಡಿನಿಂದ, ತಮ್ಮ ಒಟಿಪಿ ನೀಡಿ ಹಣ ಕಳುಹಿಸಿದ್ದಾರೆ. ಬ್ಯಾಂಕಿನ ಲೆಕ್ಕದಲ್ಲಿ ಅದು ಅನುಮತಿಯಿದ್ದ ವಹಿವಾಟು. ತಲೆಗೆ ಬಂದೂಕು ಹಿಡಿದು ಬರೆಸಿದ ಚೆಕ್ಕಿಗೂ ಸಹಿ ನಿಜವಾದದ್ದೇ ಇರುತ್ತದಷ್ಟೆ. ಡಿಜಿಟಲ್ ಅರೆಸ್ಟ್, ನಕಲಿ ಷೇರು ವ್ಯವಹಾರದ ಆ್ಯಪ್, ಮನೆಯಿಂದಲೇ ಕೆಲಸವೆಂಬ ಆಮಿಷ, ಇಂದಿನ ದೊಡ್ಡ ಮೊತ್ತದ ವಂಚನೆಗಳೆಲ್ಲ ಈ ಬಗೆಯವು. ಅಂದರೆ ಅತಿ ಹೆಚ್ಚು ಹಣ ಹೋಗುತ್ತಿರುವ ಕಡೆಯಲ್ಲಿಯೇ ‘ಸೊನ್ನೆ ಹೊಣೆ’ಯ ನಿಯಮ ಕೈಬಿಡುತ್ತದೆ. ‘ಮೂರು ದಿನ ಸಮಯವಿದೆ’ ಎಂಬ ಅರೆಬರೆ ತಿಳಿವಳಿಕೆಯಂತೂ ಇಂಥವರಿಗೆ ಅಪಾಯಕಾರಿ. ಅವರ ಪಾಲಿಗೆ ಉಳಿದಿರುವುದು 1930ರ ಜಾಲದ ವೇಗವೊಂದೇ.

ಆ ಜಾಲ ತಡೆಹಿಡಿಯುವಾಗ ತೋರುವ ಚುರುಕನ್ನು ಮರಳಿಸುವಾಗ ತೋರುವುದಿಲ್ಲ. ಪೊಲೀಸರು ಖಾತೆಯನ್ನು ತಡೆಯುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೆಯ ಕಲಮಿನ ಅಧಿಕಾರದಿಂದ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 102ನೆಯ ಕಲಮು. ಬ್ಯಾಂಕು ಖಾತೆಯೂ ಜಪ್ತಿ ಮಾಡಬಹುದಾದ ಸ್ವತ್ತೇ ಎಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ತೀರ್ಮಾನಿಸಿದೆ. ಹೀಗೆ ನಿಲ್ಲಿಸಿದ ಹಣ ಹಕ್ಕುದಾರನಿಗೆ ಮರಳಬೇಕಾದರೆ ಸಾಮಾನ್ಯವಾಗಿ 503ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ಆದೇಶ ಪಡೆಯಬೇಕು. ಅರ್ಜಿಗೆ ದೂರಿನ ಸ್ವೀಕೃತಿ, ಎಫ್‌ಐಆರ್ ಆಗಿದ್ದರೆ ಅದರ ಪ್ರತಿ, ಹಣ ಹೋದ ಖಾತೆಯ ವಿವರ ಬೇಕು. ಇವುಗಳ ಜೊತೆಗೆ ತನಿಖಾಧಿಕಾರಿಯಿಂದ ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ನಿಂತಿದೆ ಎಂಬ ಪಟ್ಟಿಯೂ ಬೇಕು. ಈ ಕೊನೆಯ ಪಟ್ಟಿಯೇ ಪ್ರಾಣ. ಅದು ಕೈಸೇರದೆ ನ್ಯಾಯಾಲಯ ಯಾವ ಬ್ಯಾಂಕಿಗೂ ನಿರ್ದಿಷ್ಟ ಆದೇಶ ಕೊಡಲಾರದು. ಠಾಣೆಯಲ್ಲಿ ಅದನ್ನು ಕೇಳಿ ಪಡೆಯಬಹುದೆಂಬುದೇ ಬಹುಪಾಲು ದೂರುದಾರರಿಗೆ ತಿಳಿದಿರುವುದಿಲ್ಲ. ಗುಜರಾತಿನಂಥ ರಾಜ್ಯಗಳಲ್ಲಿ ಇಂಥ ಅರ್ಜಿಗಳನ್ನು ಲೋಕ ಅದಾಲತ್ತಿನ ಮುಂದಿಟ್ಟು ಒಟ್ಟಿಗೆ ಇತ್ಯರ್ಥಗೊಳಿಸಿದ ಉದಾಹರಣೆಯಿದೆ. ಉಳಿದ ರಾಜ್ಯಗಳಲ್ಲಿಯೂ ಇದು ವಾಡಿಕೆಯಾಗಬೇಕು. ಎಪ್ಪತ್ತು ದಾಟಿದವರು ತಮ್ಮದೇ ಹಣಕ್ಕಾಗಿ ವಕೀಲರ ಶುಲ್ಕ ತೆತ್ತು ಹಲವು ಬಾರಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆಂಬುದು ಯಾವ ಆಡಳಿತಕ್ಕೂ ಶೋಭೆಯಲ್ಲ.

ಹಣ ಹೋದ ದಾರಿಯನ್ನು ಹಿಂದಕ್ಕೆ ನಡೆದು ನೋಡಿದರೆ ಇನ್ನೂ ಮುಖ್ಯವಾದ ಪ್ರಶ್ನೆಯೊಂದು ಎದುರಾಗುತ್ತದೆ. ಒಂಬತ್ತು ಲಕ್ಷ ಬಂದು ಬಿದ್ದ ಆ ಮೊದಲ ಚಾಲ್ತಿ ಖಾತೆಯನ್ನು ತೆರೆದವರು ಯಾರು? ಯಾವುದೋ ಬ್ಯಾಂಕಿನ ಶಾಖೆ, ಯಾವುದೋ ವ್ಯಾಪಾರದ ಹೆಸರಿನಲ್ಲಿ, ಆ ವ್ಯಾಪಾರ ಇದೆಯೋ ಇಲ್ಲವೋ ಎಂದು ಹೋಗಿ ನೋಡದೆ ತೆರೆದ ಖಾತೆ ಅದು. ತಿಂಗಳುಗಟ್ಟಲೆ ಸಾವಿರದ ಲೆಕ್ಕದಲ್ಲಿ ತೆವಳುತ್ತಿದ್ದ ಖಾತೆಗೆ ಒಮ್ಮೆಗೇ ಲಕ್ಷಗಳು ಬಂದು, ಬಂದ ಹತ್ತೇ ನಿಮಿಷದಲ್ಲಿ ನಾಲ್ಕು ಕಡೆ ಹರಿದುಹೋದಾಗ ಬ್ಯಾಂಕಿನ ಗಣಕಕ್ಕೆ ಸಂಶಯ ಬರಬೇಕಿತ್ತು. ಬಾರದಿದ್ದರೂ ಆ ಬ್ಯಾಂಕಿಗೆ ಒಂದು ರೂಪಾಯಿಯ ನಷ್ಟವೂ ಇಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಬೇರೆಯ ನಿಯಮವಿದೆ: ಮೋಸಹೋಗಿ ತಾನೇ ಹಣ ಕಳುಹಿಸಿದ ಗ್ರಾಹಕನಿಗೂ, ಕೆಲವು ಷರತ್ತುಗಳೊಂದಿಗೆ, 85,000 ಪೌಂಡುಗಳವರೆಗೆ ಹಣವನ್ನು ಮರಳಿಸಬೇಕು, ಆ ಹೊರೆಯನ್ನು ಕಳುಹಿಸಿದ ಬ್ಯಾಂಕು ಮತ್ತು ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ಅಲ್ಲಿನ ವ್ಯವಸ್ಥೆಯನ್ನು ಹಾಗೆಯೇ ಎತ್ತಿ ತರಲಾಗದು. ಗ್ರಾಹಕರ ಅಜಾಗರೂಕತೆ ಹೆಚ್ಚೀತೆಂಬ ಬ್ಯಾಂಕುಗಳ ಆಕ್ಷೇಪದಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ಪಡೆದ ಬ್ಯಾಂಕಿನ ಮೇಲೆ ಹೊಣೆ ಹೊರಿಸುವ ಆ ಅರ್ಧವನ್ನಾದರೂ ರಿಸರ್ವ್ ಬ್ಯಾಂಕು ಮತ್ತು ಸಂಸತ್ತು ಇಲ್ಲಿ ತರಬೇಕು. ಬಾಡಿಗೆ ಖಾತೆಗಳು ಹುಟ್ಟುವುದು ಅಲ್ಲಿಯೇ.

ಈ ಹೊಣೆ ಇಂದು ಬೀಳುತ್ತಿರುವುದು ಬೇರೆಯವರ ತಲೆಯ ಮೇಲೆ. ಮೇಲಿನ ಪ್ರಕರಣದಲ್ಲಿ 60,000 ರೂಪಾಯಿಗೆ ಮೊಬೈಲ್ ಮಾರಿದ ಅಂಗಡಿಯವರಿಗೆ ವಂಚನೆಯ ಗಂಧವೂ ಇರಲಿಲ್ಲ. ಮುಂಬೈ, ಹೈದರಾಬಾದು, ಚೆನ್ನೈಗಳಲ್ಲಿ ಅಂಗಡಿ ಇಟ್ಟಿರುವ ಸಮಾಜ ಬಾಂಧವರಿಗೆ ಈ ಸಂಕಟದ ಸಾಧ್ಯತೆ ಹೊಸದಲ್ಲ. ಒಂದು ದಿನ ಸರಕಿನ ಹಣ ಪಾವತಿಸಲು ಹೋದರೆ ಖಾತೆ ಚಲಿಸುವುದಿಲ್ಲ. ಕೇಳಿದರೆ, ಎಂದೂ ಕಾಲಿಡದ ಯಾವುದೋ ರಾಜ್ಯದ ಸೈಬರ್ ಠಾಣೆಯ ಸೂಚನೆಯಿದೆ ಎಂದು ಬ್ಯಾಂಕು ಹೇಳುತ್ತದೆ. ಅಂಥ ಹೊತ್ತಿನಲ್ಲಿ ಬ್ಯಾಂಕಿನಿಂದ ಆ ದೂರಿನ ಸ್ವೀಕೃತಿ ಸಂಖ್ಯೆ, ಠಾಣೆಯ ಹೆಸರು ಮತ್ತು ವಿವಾದಕ್ಕೊಳಗಾದ ಮೊತ್ತವನ್ನು ಬರಹದಲ್ಲಿ ಪಡೆಯಬೇಕು. ಆ ಠಾಣೆಗೆ ಮಾರಾಟದ ಬಿಲ್ಲು ಮತ್ತು ಯುಪಿಐ ವಿವರವನ್ನು ಕಳುಹಿಸಬೇಕು. ವಿವಾದದ ಮೊತ್ತವನ್ನಷ್ಟೇ ತಡೆಹಿಡಿದು ಉಳಿದ ಖಾತೆಯನ್ನು ಬಿಡಬೇಕೆಂದು ಕೇಳುವುದು ಬೇಡಿಕೊಳ್ಳುವಿಕೆಯಲ್ಲ. ಕೇರಳ ಮತ್ತು ಮದರಾಸು ಉಚ್ಚ ನ್ಯಾಯಾಲಯಗಳು ಅಂಥ ಆದೇಶಗಳನ್ನೇ ನೀಡಿವೆ. ಜಪ್ತಿಯನ್ನು ಪೊಲೀಸರು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕೆಂದು 106ನೆಯ ಕಲಮೇ ಹೇಳುತ್ತದೆ. ವರದಿಯಾಗಿದೆಯೇ ಎಂದು ಕೇಳುವ ಹಕ್ಕೂ ಇದೆ.

ಹಾಗಾದರೆ ಆ ಅರವತ್ತು ಸಾವಿರ ಯಾರದು? ಶಿಕ್ಷಕರ ಠೇವಣಿಯಿಂದ ಹೊರಟ ಹಣವೆಂಬುದು ನಿಜ, ಸರಕು ಕೊಟ್ಟು ಬಿಲ್ಲು ಬರೆದ ವ್ಯಾಪಾರಿಯ ಹಣವೆಂಬುದೂ ನಿಜ. ನ್ಯಾಯಾಲಯ ಇಬ್ಬರ ಮಾತನ್ನೂ ಕೇಳಿ ತೀರ್ಮಾನಿಸಬೇಕು, ಮತ್ತು ಇಬ್ಬರಲ್ಲಿ ಒಬ್ಬರು ತಾವು ಮಾಡದ ತಪ್ಪಿಗೆ ಆ ಮೊತ್ತವನ್ನು ಕಳೆದುಕೊಳ್ಳುತ್ತಾರೆ. ಬಾಡಿಗೆ ಖಾತೆಗಳನ್ನು ತೆರೆದುಕೊಟ್ಟ ಬ್ಯಾಂಕುಗಳಿಂದ ಆ ನಷ್ಟವನ್ನು ವಸೂಲು ಮಾಡುವ ಮಾತು ಸದ್ಯಕ್ಕೆ ಆ ವಿಚಾರಣೆಯಲ್ಲಿ ಏಳುವುದೇ ಇಲ್ಲ.